ಲಿಪಿ ಕನ್ನಡ, ಆದರೆ ಭಾಷೆ ಯಾವುದು?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ಯಾರೋ ಚೀಟಿ ಅಂಟಿಸಿದ್ದಾರೆ: "ಐತಾರ ಎಂಕ್ಲೆನ ಇಲ್ಲಡ್ ಪೂಜೆ ಉಂಡು. ಮಾತೆರ್ಲಾ ಬರೊಡು." ಓದೋಕೆ ಬರುತ್ತೆ, ಅರ್ಥ ಆಗಲ್ಲ. ಇದು ಯಾವ ಭಾಷೆ? ನಾವೇ ಹೇಗೆ ಗುರುತಿಸಬಹುದು?

ಇದು ತುಳು. "ಭಾನುವಾರ ನಮ್ಮ ಮನೆಯಲ್ಲಿ ಪೂಜೆ ಇದೆ. ಎಲ್ಲರೂ ಬರಬೇಕು" ಅಂತ ಅರ್ಥ.

ನಾನು ಇಲ್ಲೇ ಒಂದು ಸಣ್ಣ ಪ್ರೆಸ್ಸಿನಲ್ಲಿ ಆಮಂತ್ರಣ ಪತ್ರಿಕೆಗಳ ಪ್ರೂಫ್ ನೋಡುತ್ತೇನೆ. ಇಂಥ ಸಾಲುಗಳು ವಾರಕ್ಕೊಂದಾದರೂ ಬರುತ್ತವೆ. ಬೇರೆ ಭಾಷೆಗಳಲ್ಲಿ ಲಿಪಿ ನೋಡಿದರೇ ಅರ್ಧ ಕೆಲಸ ಮುಗಿಯುತ್ತದೆ. ತಮಿಳು ಲಿಪಿ ಕಂಡರೆ ಸಾಮಾನ್ಯವಾಗಿ ತಮಿಳೇ. ಕನ್ನಡ ಲಿಪಿಯಲ್ಲಿ ಹಾಗಲ್ಲ. ತುಳು, ಕೊಡವ, ಬ್ಯಾರಿ, ನಮ್ಮ ಕರಾವಳಿಯ ಕೊಂಕಣಿ, ಎಲ್ಲವನ್ನೂ ಇದರಲ್ಲೇ ಬರೆಯುತ್ತಾರೆ. ತುಳುವಿಗೆ ತಿಗಳಾರಿ ಅನ್ನೋ ಹಳೆಯ ಲಿಪಿ ಇದೆ. ಆದರೆ 19ನೇ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನವರು ತುಳು ಪುಸ್ತಕಗಳನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದರು, ಮುಂದೆ ಅದೇ ರೂಢಿಯಾಯಿತು. ಹಾಗಾಗಿ ಇಲ್ಲಿ ಲಿಪಿಯನ್ನು ಬಿಟ್ಟು ಪದ ನೋಡಬೇಕು.

ಯಾವ ಪದ ಅನ್ನೋದೇ ಮುಖ್ಯ. ನಿಮ್ಮ ಚೀಟಿಯಲ್ಲಿ ತಕ್ಷಣ ಕಣ್ಣಿಗೆ ಬೀಳೋದು "ಪೂಜೆ". ಅದರಿಂದ ಏನೂ ತಿಳಿಯಲ್ಲ, ಎಲ್ಲಾ ಭಾಷೆಯಲ್ಲೂ ಪೂಜೆ ಪೂಜೆಯೇ. "ಐತಾರ" ಕೂಡ ಅಷ್ಟೇ. ಉತ್ತರ ಕರ್ನಾಟಕದ ಮಾತಿನಲ್ಲೂ ಐತಾರ ಇದೆ, ಕೊಂಕಣಿಯಲ್ಲಿ ಆಯ್ತಾರ್. ಇಂಥ ಹೆಸರುಪದಗಳು ಊರೂರು ಸುತ್ತುತ್ತವೆ. ಅಷ್ಟು ಸುಲಭಕ್ಕೆ ಬದಲಾಗದೆ ಉಳಿಯೋದು "ನಾನು", "ನಮ್ಮ", "ಇದೆ", "ಇಲ್ಲ", "ಬೇಕು" ಥರದ ಸಣ್ಣ ಪದಗಳು, ಪದದ ಕೊನೆಗೆ ಅಂಟುವ ಪ್ರತ್ಯಯಗಳು. ಅವನ್ನೇ ಹಿಡಿಯಿರಿ.

"ಎಂಕ್ಲೆನ" ಅಂದರೆ ನಮ್ಮ. "ಇಲ್ಲಡ್" ನೋಡಿ ನೀವು "ಇಲ್ಲ" ಅಂದುಕೊಂಡಿರಬಹುದು, ಅಲ್ವಾ? ತುಳುವಿನಲ್ಲಿ ಇಲ್ಲ್ ಅಂದರೆ ಮನೆ, ಕೊನೆಯ "ಡ್" ನಮ್ಮ "ಅಲ್ಲಿ". "ಉಂಡು" ಅಂದರೆ ಊಟ ಮಾಡಿ ಅಂತಲ್ಲ, "ಇದೆ" ಅಂತ. "ಮಾತೆರ್ಲಾ"ದಲ್ಲಿ ಕೊನೆಯ "ಲಾ" ನಮ್ಮ "ಎಲ್ಲರೂ"ವಿನ "ಊ" ಇದ್ದ ಹಾಗೆ. "ಬರೊಡು" ಅಂದರೆ ಬರಬೇಕು. ಹೀಗೆ ಪ್ರತಿ ಪದಕ್ಕೂ ಲೆಕ್ಕ ಸಿಕ್ಕರೆ ಊಹೆ ಸರಿ ಅಂತ ಧೈರ್ಯವಾಗಿ ಹೇಳಬಹುದು. ಬರೀ "ಉಂಡು" ನೋಡಿ ತುಳು ಅಂದುಬಿಡಬೇಡಿ. ಕೊಡವ, ಮಲಯಾಳಂನಲ್ಲೂ "ಉಂಡ್" ಇದೆ. ಕನಿಷ್ಠ ಎರಡು ಸಾಕ್ಷಿ ಬೇಕು. ಸಾಲಿನಲ್ಲಿ "ಇಜ್ಜಿ" ಅಂತೇನಾದರೂ ಇದ್ದಿದ್ದರೆ ನಾನು ಇಷ್ಟು ಹುಡುಕುತ್ತಲೇ ಇರಲಿಲ್ಲ. ತುಳುವಿನ "ಇಲ್ಲ" ಅದು, ಅದಕ್ಕಿಂತ ಗಟ್ಟಿ ಗುರುತು ಇನ್ನೊಂದಿಲ್ಲ.

ಇಲ್ಲ್ ಅನ್ನೋ ಪದ ನನಗೆ ಮರೆಯೋ ಹಾಗೇ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗೃಹಪ್ರವೇಶದ ಕಾರ್ಡಿನಲ್ಲಿ "ಇಲ್ಲ್ ಒಕ್ಕೆಲ್" ಅಂತಿತ್ತು. ಕೊನೆಯ ಅಕ್ಷರ ತಪ್ಪಿ ಅರ್ಧಾಕ್ಷರವಾಗಿದೆ ಅಂದುಕೊಂಡು "ಇಲ್ಲ ಒಕ್ಕೆಲ್" ಮಾಡಿದೆ. ಅಚ್ಚಾಗಿ ಹೋದ ಕಾರ್ಡು ವಾಪಸ್ ಬಂತು. ಮನೆಯ ಯಜಮಾನರು ಬಯ್ಯಲಿಲ್ಲ. ಆ ಪದದ ಮೇಲೆ ಬೆರಳಿಟ್ಟು, "ಇದು ನಮ್ಮ ಮನೆ ಸರ್" ಅಂದರು. ಅವತ್ತಿಂದ ಅರ್ಥವಾಗದ ಪದವನ್ನು ನಾನು ತಿದ್ದಲ್ಲ, ಮೊದಲು ಕೇಳುತ್ತೇನೆ. ಹೀಗೆ ಅರ್ಧಾಕ್ಷರದಲ್ಲಿ ಮುಗಿಯುವ ಪದ ಜಾಸ್ತಿ ಇದ್ದರೆ ಅದು ತಪ್ಪಲ್ಲ, ಬೇರೆ ಭಾಷೆಯ ಸುಳಿವು.

ಆದರೆ ಈ ಸುಳಿವು ತುಳುವಿನದೊಂದೇ ಅಲ್ಲ. ಮಂಗಳೂರಿನ ಕ್ರೈಸ್ತರ ಕೊಂಕಣಿಯಲ್ಲೂ ಹೀಗೇ ಪದ ಮುಗಿಯುತ್ತದೆ: "ದೇವ್ ಬರೆಂ ಕರುಂ". ಇಲ್ಲಿ ಸೊನ್ನೆಗಳನ್ನು ನೋಡಿ, ಮೂರು ಪದದಲ್ಲಿ ಎರಡಕ್ಕೆ ಸೊನ್ನೆಯೇ ಕೊನೆ. ತುಳುವಿನಲ್ಲಿ ಪದಗಳು ಹೀಗೆ ಸಾಲಾಗಿ ಸೊನ್ನೆಯಲ್ಲಿ ನಿಲ್ಲೋದಿಲ್ಲ. ಜೊತೆಗೆ "ಹಾಂವ್" (ನಾನು), "ಆನಿ" (ಮತ್ತು), "ಆಸಾ" (ಇದೆ) ಸಿಕ್ಕರೆ ಕೊಂಕಣಿ ಖಚಿತ. ಅದನ್ನು ಮರಾಠಿ ಅಂತ ತಪ್ಪು ತಿಳಿಯೋರು ತುಂಬಾ ಜನ. ಮರಾಠಿಯಲ್ಲಿ "ನಾನು" ಅನ್ನೋಕೆ "ಮೀ", "ಇದೆ" ಅನ್ನೋಕೆ "ಆಹೆ". ಕೊಂಕಣಿಯಲ್ಲೂ ಒಂದೊಂದು ಸಮುದಾಯದ ಬರವಣಿಗೆ ಒಂದೊಂದು ಥರ. ಹಾಗಾಗಿ "ಆಸಾ" ಕಾಣಲಿಲ್ಲ ಅಂತ ಕೊಂಕಣಿ ಅಲ್ಲ ಅನ್ನೋಕಾಗಲ್ಲ.

ಎರಡೇ ಪದದ ಸಾಲು, ಅದೂ ಬರೀ ದೇವರ ಹೆಸರು, ಊರಿನ ಹೆಸರು ಆದರೆ ಇದ್ಯಾವುದೂ ಕೆಲಸಕ್ಕೆ ಬರಲ್ಲ. ಆಗ ಬರೆದವರನ್ನೇ ಕೇಳಬೇಕು. ನಿಮ್ಮ ಚೀಟಿಯ ವಿಷಯದಲ್ಲಿ ಆ ತೊಂದರೆ ಇಲ್ಲ. ಆ ಮನೆಯವರು ಲಿಫ್ಟ್‌ನಲ್ಲಿ ಸಿಕ್ಕರೆ "ಬರ್ಪೆ" ಅನ್ನಿ. "ಬರ್ತೀನಿ" ಅಂತ ಅರ್ಥ.