ಬದಲಿಸಬಹುದು, ಓದುವಂತಿಲ್ಲ: ಶ್ಯಾಡೋ ಫೈಲಿನ ಒಂದು ಸಾಲು

ಪ್ರಶ್ನೆ: ಕಾಲೇಜಿನ ಉಬುಂಟು ಸರ್ವರಿನಲ್ಲಿ ನಾನು ಸಾಮಾನ್ಯ ಬಳಕೆದಾರಳು. `passwd` ಕೊಟ್ಟು ನನ್ನ ಪಾಸ್‌ವರ್ಡ್ ಬದಲಿಸಲು ಆಗುತ್ತದೆ, `cat /etc/shadow` ಅಂದರೆ ಮಾತ್ರ `Permission denied`. ಲ್ಯಾಬಿನ ಮೇಷ್ಟ್ರು ಆ ಫೈಲ್ ತೆರೆದು ತೋರಿಸಿದಾಗ ನೋಡಿದರೆ ಅದರಲ್ಲಿದ್ದದ್ದು ತಲೆಬುಡವಿಲ್ಲದ ಅಕ್ಷರಗಳು. ನಾನೂ ಗೆಳತಿಯೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆವು, ಆದರೂ ನಮ್ಮಿಬ್ಬರ ಸಾಲು ಬೇರೆ ಬೇರೆ. ಹೇಗೂ ಯಾರಿಗೂ ಅರ್ಥವಾಗದ್ದನ್ನು ಮುಚ್ಚಿಡುವುದು ಯಾಕೆ?

ಉತ್ತರ: ಮೊದಲು ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಹೆಸರು ಕಾಲ್ಪನಿಕ, ಹ್ಯಾಷನ್ನು ಚುಕ್ಕಿ ಇಟ್ಟು ಮೊಟಕು ಮಾಡಿದ್ದೇನೆ.

```
savita:$6$Kd8pQ2mX$...:19858:0:90:7:14::
```

ಕೋಲನ್ನುಗಳ ನಡುವೆ ಒಟ್ಟು ಒಂಬತ್ತು ಜಾಗಗಳಿವೆ. ಮೊದಲನೆಯದು ಲಾಗಿನ್ ಹೆಸರು. ಎರಡನೆಯದು ಹ್ಯಾಷ್, ಅದರ ಮಾತು ಆಮೇಲೆ. ಮೂರನೆಯದರಲ್ಲಿರುವ 19858 ನೋಡಿ ಅನೇಕರು ಗಾಬರಿಯಾಗುತ್ತಾರೆ. ಅದು 1970ರ ಜನವರಿ 1ರಿಂದ ಎಣಿಸಿದ ದಿನಗಳು, ಅಷ್ಟೇ. ಎಣಿಸಿದರೆ 2024ರ ಮೇ 15 ಬರುತ್ತದೆ, ಅಂದರೆ ಸವಿತಾ ಕೊನೆಯ ಸಲ ಪಾಸ್‌ವರ್ಡ್ ಬದಲಿಸಿದ ದಿನ. ಮುಂದಿನ 0 ಅಂದರೆ ಬದಲಿಸಿದ ಮೇಲೆ ಮತ್ತೆ ಬದಲಿಸಲು ಇಷ್ಟು ದಿನ ಕಾಯಬೇಕೆಂಬ ಕಟ್ಟುಪಾಡಿಲ್ಲ. 90 ದಿನಕ್ಕೆ ಪಾಸ್‌ವರ್ಡ್ ಹಳತಾಗುತ್ತದೆ, ಇಲ್ಲಿ ಅದು ಆಗಸ್ಟ್ 13. ಅದಕ್ಕೆ 7 ದಿನ ಮೊದಲಿಂದ ಎಚ್ಚರಿಕೆ ಶುರು. ಗಡುವು ಮೀರಿದ ಮೇಲೂ 14 ದಿನ ಒಳಗೆ ಬಿಡುತ್ತದೆ, ಆದರೆ ಹೊಸ ಪಾಸ್‌ವರ್ಡ್ ಇಟ್ಟ ಹೊರತು ಮುಂದೆ ಹೋಗಲು ಬಿಡುವುದಿಲ್ಲ. ಆ ಹದಿನಾಲ್ಕೂ ಕಳೆದರೆ ಬಾಗಿಲು ಬಂದ್. ಎಂಟನೆಯ ಜಾಗ ಖಾತೆಯೇ ಮುಗಿಯುವ ದಿನಾಂಕಕ್ಕೆ, ಇಲ್ಲಿ ಖಾಲಿ ಇದೆ. ಒಂಬತ್ತನೆಯದನ್ನು ಮುಂದೆಂದಾದರೂ ಬೇಕಾದೀತು ಅಂತ ಬಿಟ್ಟಿದ್ದಾರೆ. ನಿಮ್ಮದೇ ದಿನಾಂಕಗಳನ್ನು ನೋಡಲು ರೂಟ್ ಆಗಬೇಕಿಲ್ಲ, `chage -l $USER` ಸಾಕು.

ಈಗ ಎರಡನೆಯ ಜಾಗ. ಅದರೊಳಗೆ ಡಾಲರ್ ಚಿಹ್ನೆಯಿಂದ ಬೇರ್ಪಟ್ಟ ಮೂರು ತುಂಡುಗಳಿವೆ. `6` ಅಂದರೆ ಎಸ್‌ಎಚ್‌ಎ-512 ವಿಧಾನ. ನಿಮ್ಮ ಸರ್ವರಿನಲ್ಲಿ ಉಬುಂಟು 22.04 ಅಥವಾ ಅದರ ನಂತರದ್ದು ಇದ್ದರೆ ಅಲ್ಲಿ `y` ಕಂಡೀತು, ಅದು ಯೆಸ್‌ಕ್ರಿಪ್ಟ್. `Kd8pQ2mX` ಅನ್ನುವುದು ಸಾಲ್ಟ್, ಪಾಸ್‌ವರ್ಡ್ ಇಟ್ಟ ಗಳಿಗೆಯಲ್ಲಿ ಯಂತ್ರವೇ ಮನಬಂದಂತೆ ಆರಿಸಿದ ಉಪ್ಪಿನ ಚಿಟಿಕೆ. ಮೂರನೆಯದು ಪಾಸ್‌ವರ್ಡನ್ನೂ ಉಪ್ಪನ್ನೂ ಸೇರಿಸಿ ಅರೆದಾಗ ಬಂದ ಹ್ಯಾಷ್, ಈ ವಿಧಾನದಲ್ಲಿ 86 ಅಕ್ಷರ. ಅರೆದಿದ್ದೂ ಒಂದು ಸುತ್ತಲ್ಲ, ಬೇರೆ ಹೇಳದಿದ್ದರೆ 5000 ಸುತ್ತು. ನಿಮ್ಮ ಉಪ್ಪೇ ಬೇರೆ, ಗೆಳತಿಯ ಉಪ್ಪೇ ಬೇರೆ. ಸಾಲು ಬೇರೆಯಾದದ್ದು ಅದಕ್ಕೇ.

ಅರೆದ ಹಿಟ್ಟಿನಿಂದ ಕಾಳು ವಾಪಸ್ ಬರುವುದಿಲ್ಲ ಅನ್ನುವುದು ನಿಜ. ಆದರೆ ಯಾರೂ ಅದನ್ನು ವಾಪಸ್ ತರಲು ಹೋಗುವುದಿಲ್ಲ. ಇದೊಂದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಿ:

```
openssl passwd -6 -salt Kd8pQ2mX
```

ಅದು ಪಾಸ್‌ವರ್ಡ್ ಕೇಳುತ್ತದೆ. ಯಾವುದಾದರೂ ಪದ ಕೊಡಿ, ಉದ್ದನೆಯ ಹ್ಯಾಷ್ ಬರುತ್ತದೆ. ಅದೇ ಪದವನ್ನು ಇನ್ನೊಮ್ಮೆ ಕೊಡಿ, ಅಕ್ಷರ ತಪ್ಪದೆ ಅದೇ ಹ್ಯಾಷ್. ನೀವು ಲಾಗಿನ್ ಆಗುವಾಗ ಸರ್ವರ್ ಮಾಡುವುದೂ ಇದನ್ನೇ. ನೀವು ಟೈಪ್ ಮಾಡಿದ್ದನ್ನು ಸಾಲಿನಲ್ಲಿರುವ ಉಪ್ಪು ಹಾಕಿ ಅರೆದು, ಬಂದದ್ದು ಅಲ್ಲಿ ಬರೆದಿಟ್ಟದ್ದಕ್ಕೆ ಹೊಂದುತ್ತದೆಯೇ ಎಂದು ನೋಡುತ್ತದೆ. ಸವಿತಾಳ ಸಾಲು ಕೈಗೆ ಸಿಕ್ಕವನು ಇದನ್ನೇ ತನ್ನ ಮನೆಯಲ್ಲಿ ಕೂತು ಮಾಡುತ್ತಾನೆ. ಉಪ್ಪು ಸಾಲಿನಲ್ಲೇ ಇದೆ, ವಿಧಾನವೂ ಅಲ್ಲೇ ಬರೆದಿದೆ. ಊರ ಹೆಸರು, ದೇವರ ಹೆಸರು, ಹುಟ್ಟಿದ ವರ್ಷ, ಹಿಂದೆ ಸೋರಿಹೋದ ಪಾಸ್‌ವರ್ಡುಗಳ ಪಟ್ಟಿ, ಎಲ್ಲವನ್ನೂ ಒಂದೊಂದಾಗಿ ಅರೆದು ಹೋಲಿಸುವ ಕೆಲಸವನ್ನು ಪ್ರೋಗ್ರಾಮಿಗೆ ಒಪ್ಪಿಸಿದರಾಯಿತು. ಲಾಗಿನ್ ಪರದೆಯ ಮುಂದೆ ನಿಂತು ಊಹಿಸುವವನಿಗೆ ಹಲವು ಕಡೆ ಐದು ಸಲ ತಪ್ಪಿದರೆ ತಡೆ ಬೀಳುತ್ತದೆ, ಪ್ರತಿ ತಪ್ಪೂ ಲಾಗ್ ಫೈಲಿನಲ್ಲಿ ದಾಖಲಾಗುತ್ತದೆ. ಮನೆಯಲ್ಲಿ ಅರೆಯುವವನ ತಪ್ಪನ್ನು ಲೆಕ್ಕ ಇಡುವವರಿಲ್ಲ. ಉಪ್ಪು ಅವನಿಗೆ ಒಂದು ತೊಂದರೆಯನ್ನಂತೂ ಕೊಡುತ್ತದೆ: ಮೊದಲೇ ಅರೆದಿಟ್ಟ ಪಟ್ಟಿ ಉಪಯೋಗಕ್ಕೆ ಬಾರದು, ಪ್ರತಿಯೊಬ್ಬರಿಗೂ ಹೊಸದಾಗಿ ಅರೆಯಬೇಕು. ಸುತ್ತುಗಳು ಅವನನ್ನು ನಿಧಾನ ಮಾಡುತ್ತವೆ. ಆದರೆ `savita123` ಅನ್ನುವಂಥ ಪಾಸ್‌ವರ್ಡನ್ನು ಇವೆರಡೂ ಉಳಿಸಲಾರವು.

ಹಿಂದೆ ಈ ಹ್ಯಾಷುಗಳು ಎಲ್ಲರೂ ಓದಬಹುದಾದ `/etc/passwd` ಒಳಗೇ ಇದ್ದವು. ಅಲ್ಲೇ ಇಟ್ಟು ಆ ಫೈಲನ್ನೇ ಮುಚ್ಚುವಂತಿಲ್ಲ, ಯಾಕೆಂದರೆ `ls -l` ಫೈಲಿನ ಒಡೆಯನ ಸಂಖ್ಯೆಯನ್ನು ಹೆಸರಾಗಿ ತೋರಿಸುವುದು ಅದನ್ನು ಓದಿಯೇ. ಬೆಲ್ ಲ್ಯಾಬ್ಸಿನ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಯುನಿಕ್ಸ್ ಪಾಸ್‌ವರ್ಡುಗಳ ಬಗ್ಗೆ ಬರೆದಾಗ ಉಪ್ಪು ಬರೀ 12 ಬಿಟ್, ಅಂದರೆ 4096 ಬಗೆ. 1988ರ ನವೆಂಬರಿನಲ್ಲಿ ಇಂಟರ್ನೆಟ್ಟಿನಲ್ಲಿ ಹರಡಿದ ವರ್ಮ್ ಅದೇ ತೆರೆದ ಫೈಲ್ ಓದಿ, ಬಳಕೆದಾರರ ಹೆಸರುಗಳನ್ನೂ ತನ್ನೊಳಗಿನ 432 ಪದಗಳ ಪಟ್ಟಿಯನ್ನೂ ಅರೆದು ನೋಡಿ ಪಾಸ್‌ವರ್ಡ್ ಹಿಡಿಯಲು ಹೊರಟಿತ್ತು. ಅದನ್ನು ಬರೆದವನು ಆ ಮೋರಿಸರ ಮಗ! ಈಗ ಹ್ಯಾಷ್ ರೂಟ್ ಮಾತ್ರ ಓದಬಲ್ಲ ಶ್ಯಾಡೋ ಫೈಲಿಗೆ ಹೋಗಿದೆ, `/etc/passwd`ನಲ್ಲಿ ಅದರ ಜಾಗದಲ್ಲಿ ಒಂದು `x` ಕೂತಿದೆ.

ಹಾಗಾದರೆ ನೀವು ಬದಲಿಸುವುದು ಹೇಗೆ? ಬದಲಿಸುವುದು ನೀವಲ್ಲ. `ls -l /usr/bin/passwd` ಕೊಟ್ಟು ನೋಡಿ, `-rwsr-xr-x` ಅಂತ ಬರುತ್ತದೆ. `x` ಇರಬೇಕಾದಲ್ಲಿ ಇರುವ ಆ `s` ಹೇಳುವುದಿಷ್ಟು: ಯಾರೇ ಓಡಿಸಲಿ, ಈ ಪ್ರೋಗ್ರಾಮ್ ರೂಟ್ ಅಧಿಕಾರದಲ್ಲೇ ಓಡಲಿ. ಅದು ನಿಮ್ಮ ಹಳೆಯ ಪಾಸ್‌ವರ್ಡ್ ಕೇಳಿ, ಸರಿಯಿದ್ದರೆ ನಿಮ್ಮ ಒಂದು ಸಾಲನ್ನಷ್ಟೇ ತಿದ್ದುತ್ತದೆ. ಬ್ಯಾಂಕಿನ ಕೌಂಟರಿನಂತೆ, ಲೆಡ್ಜರ್ ನಿಮ್ಮ ಕೈಗೆ ಬರುವುದಿಲ್ಲ.

ರೂಟ್ ಮಾತ್ರ ಅನ್ನುವುದಕ್ಕೂ ಒಂದು ಚಿಕ್ಕ ತಿದ್ದುಪಡಿ ಇದೆ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಈ ಫೈಲಿನ ಅನುಮತಿ 640, ಗುಂಪು `shadow`. ಆ ಗುಂಪಿನ ಹಕ್ಕಿನಲ್ಲಿ ಓಡುವ ಕೆಲವು ಸಣ್ಣ ಪ್ರೋಗ್ರಾಮುಗಳೂ ಓದಬಲ್ಲವು. ಮೇಲೆ ಹೇಳಿದ `chage` ಅಂಥದ್ದು. ರೆಡ್ ಹ್ಯಾಟ್ ಕಡೆ 000, ಅನುಮತಿಯ ಲೆಕ್ಕವೇ ಅನ್ವಯಿಸದ ರೂಟ್ ಮಾತ್ರ ಓದುತ್ತಾನೆ.

ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಯಾರ ಪಾಸ್‌ವರ್ಡ್ ಯಾವಾಗ ಹಳತಾಗುತ್ತದೆಂದು ಪಟ್ಟಿ ಮಾಡುವ ಸ್ಕ್ರಿಪ್ಟ್ ಓಡಲಿಲ್ಲವೆಂದು ಯಾರೋ `chmod 644 /etc/shadow` ಕೊಟ್ಟು ಫೈಲನ್ನು ಎಲ್ಲರೂ ಓದುವಂತೆ ಮಾಡಿಬಿಟ್ಟಿದ್ದರು. ಏನೂ ಕೆಡಲಿಲ್ಲ, ಎಲ್ಲರೂ ಎಂದಿನಂತೆ ಲಾಗಿನ್ ಆದರು, ಹಾಗಾಗಿ ಮೂರು ವಾರ ಯಾರ ಗಮನಕ್ಕೂ ಬರಲಿಲ್ಲ. ನೋಡುವ ದಾರಿ ಇದು:

```
stat -c '%a %U:%G %n' /etc/shadow /etc/shadow-
```

ಕೊನೆಯಲ್ಲಿ ಗೀಟಿರುವ ಎರಡನೆಯದು ಹಿಂದಿನ ಪ್ರತಿ, ಅದರಲ್ಲೂ ಹ್ಯಾಷುಗಳಿವೆ, ಅದನ್ನು ಮರೆಯುವವರೇ ಹೆಚ್ಚು. ನಾವು ಅನುಮತಿಯನ್ನು ಮತ್ತೆ 640 ಮಾಡಿದೆವು. ಆದರೆ ಆ ಮೂರು ವಾರದಲ್ಲಿ ಯಾರು ನಕಲು ಮಾಡಿಕೊಂಡರೆಂದು ತಿಳಿಯುವ ದಾರಿ ಇರಲಿಲ್ಲ. ನಕಲು ಹೊರಗೆ ಹೋಗಿದ್ದರೆ ಅದನ್ನು ಅರೆಯುವುದು ನಮ್ಮ `chmod`ನಿಂದ ನಿಲ್ಲುವುದಿಲ್ಲವಲ್ಲ. ಹಾಗಾಗಿ ಆ ಸಂಜೆ ಪ್ರತಿಯೊಬ್ಬರ ಲಾಗಿನ್ ಹೆಸರಿನೊಂದಿಗೆ `chage -d 0` ಕೊಟ್ಟು, ಮುಂದಿನ ಲಾಗಿನ್‌ನಲ್ಲೇ ಎಲ್ಲರೂ ಹೊಸ ಪಾಸ್‌ವರ್ಡ್ ಇಡುವಂತೆ ಮಾಡಿದೆವು. ಮೂರನೆಯ ಜಾಗದಲ್ಲಿ 19858 ಇದ್ದಲ್ಲಿ ಆಗ 0 ಇರುತ್ತದೆ.