ಅರ್ಧಕ್ಕೇ ನಿಲ್ಲುವ ಕನ್ನಡ ಎಸ್ಸೆಮ್ಮೆಸ್

"ಇಂಗ್ಲಿಷಿನಲ್ಲಿ ಕಳಿಸಿದ ಎಸ್ಸೆಮ್ಮೆಸ್ ಪೂರ್ತಿ ತಲುಪುತ್ತದೆ, ಅಷ್ಟೇ ಉದ್ದದ ಕನ್ನಡದ್ದು ಅರ್ಧಕ್ಕೇ ನಿಲ್ಲುತ್ತದೆ. ಯಾಕೆ?"

ಒಂದು ಎಸ್ಸೆಮ್ಮೆಸ್‌ನಲ್ಲಿ 140 ಬೈಟ್‌ಗಳಿಗೆ ಮಾತ್ರ ಜಾಗವಿದೆ. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾಗುವುದರಿಂದ ಅಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡದ ಪ್ರತಿ ಸಂಕೇತಕ್ಕೂ ಎರಡು ಬೈಟ್ ಬೇಕಾಗುವುದರಿಂದ ಮಿತಿ 70ಕ್ಕೆ ಇಳಿಯುತ್ತದೆ. ಅದರಲ್ಲೂ ಒತ್ತಕ್ಷರ, ಗುಣಿತದ ಚಿಹ್ನೆಗಳೆಲ್ಲ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ: ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಸ್ತ್ರೀ" ಆರು ಸಂಕೇತಗಳನ್ನು ನುಂಗುತ್ತದೆ.

ಮಿತಿ ಮೀರಿದ ಸಂದೇಶವನ್ನು ಫೋನ್ ತುಂಡುಮಾಡಿ, ಜೋಡಣೆಯ ಗುರುತಿಗೆಂದು ಸಾಮಾನ್ಯವಾಗಿ ಆರು ಬೈಟ್ ಮೀಸಲಿಟ್ಟು, ತುಂಡಿಗೆ 67 ಸಂಕೇತಗಳಂತೆ ಕಳಿಸುತ್ತದೆ. ಹಾಗಾಗಿ 200 ಸಂಕೇತಗಳ ಸಂದೇಶ ಮೂರು ತುಂಡುಗಳಾಗಿ ಪ್ರತ್ಯೇಕವಾಗಿ ಸಾಗುತ್ತದೆ. ಆಚೆಯ ಫೋನ್ ಸಂಪರ್ಕಕ್ಕೆ ಸಿಗದಿದ್ದರೆ ನೆಟ್‌ವರ್ಕ್ ಅವನ್ನು ನಿಗದಿತ ಅವಧಿಯವರೆಗೆ ಇಟ್ಟುಕೊಂಡು, ಆಮೇಲೆ ಕೈಬಿಡುತ್ತದೆ. ಮೂರನೆಯ ತುಂಡು ಹೀಗೆ ಕಳೆದುಹೋದರೆ ಕೆಲವು ಫೋನ್‌ಗಳು ಬಂದಷ್ಟನ್ನೇ, ಅಂದರೆ 134 ಸಂಕೇತಗಳನ್ನು, ತೋರಿಸುತ್ತವೆ. ಕೆಲವು ಏನನ್ನೂ ತೋರಿಸುವುದಿಲ್ಲ.

ನಿಮ್ಮ ಸಂದೇಶಗಳು ಪ್ರತಿ ಸಲವೂ ಸುಮಾರು 70ನೇ ಸಂಕೇತದಲ್ಲೇ ನಿಲ್ಲುತ್ತಿದ್ದರೆ, ಕಳಿಸುವ ಆ್ಯಪ್ ತುಂಡುಮಾಡದೆ ಉಳಿದದ್ದನ್ನು ಕತ್ತರಿಸುತ್ತಿರಬಹುದು. ಒಮ್ಮೆ 67, ಮತ್ತೊಮ್ಮೆ 134 ಎಂದು ಬದಲಾಗುತ್ತಿದ್ದರೆ, ಅಥವಾ ನಡುವಿನ ಭಾಗವೇ ಇಲ್ಲದಿದ್ದರೆ, ತುಂಡುಗಳು ದಾರಿಯಲ್ಲಿ ಕಳೆದುಹೋಗುತ್ತಿವೆ ಎಂದು ತಿಳಿಯಬಹುದು. ಆಗ ಒಂದೊಂದನ್ನೂ 70ರೊಳಗೆ ಬರೆದು ಬಿಡಿಬಿಡಿಯಾಗಿ ಕಳಿಸುವುದು ಮೇಲು.