ಪಟ್ಟಿ ಲೇಖನದ ಅಂಶಗಳಲ್ಲಿ ತಿರುಳು ಮತ್ತು ಸರಿಯಾದ ಕ್ರಮ ಬರೋದು ಹೇಗೆ?

ಪ್ರಶ್ನೆ: "ಕೊಪ್ಪಳ ಜಿಲ್ಲೆಯಲ್ಲಿ ನೋಡಲೇಬೇಕಾದ 10 ಜಾಗಗಳು ಅಂತ ಒಂದು ಲೇಖನ ಬರೆದೆ. ಓದಿದವರೆಲ್ಲ 'ಚೆನ್ನಾಗಿದೆ, ಆದ್ರೆ ಹೊಸದೇನಿಲ್ಲ' ಅಂದ್ರು. ಪ್ರತಿ ಅಂಶದಲ್ಲೂ ತಿರುಳಿರಬೇಕು, ಒಂದರ ನಂತರ ಒಂದು ಓದಿಸಿಕೊಂಡು ಹೋಗಬೇಕು ಅಂದ್ರೆ ಏನು ಮಾಡಬೇಕು?"

ನಾನೂ ಕೊಪ್ಪಳದವನೇ. ಎರಡು ವರ್ಷದ ಹಿಂದೆ "ನಮ್ಮ ಮೂರು ಜಿಲ್ಲೆಗಳಲ್ಲಿರುವ ಅಶೋಕನ 5 ಶಾಸನಗಳು" ಅಂತ ಒಂದು ಪಟ್ಟಿ ಬರೆದಿದ್ದೆ. ರಾಯಚೂರು ಜಿಲ್ಲೆಯ ಮಸ್ಕಿ, ನಮ್ಮೂರಿನ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳ. ಬರೆದು ಮುಗಿಸಿ, ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರಿಗೆ ಕೊಟ್ಟೆ. ಅವರು ಓದುತ್ತಾ ಓದುತ್ತಾ ಒಂದು ಅಂಶದ ತಲೆಬರಹದ ಮೇಲೆ ಅಂಗೈ ಇಟ್ಟು, ಕೆಳಗಿನ ನಾಲ್ಕು ಸಾಲು ಮಾತ್ರ ನನಗೆ ತೋರಿಸಿದರು. "ಇದು ಯಾವ ಊರಿಂದು, ಹೇಳು ನೋಡೂಣು" ಅಂದರು.

ಸಾಲುಗಳು ಹೀಗಿದ್ದವು: "ಇಲ್ಲಿನ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕನ ಶಾಸನವಿದೆ. ಇದು ತುಂಬಾ ಹಳೆಯದು. ಇತಿಹಾಸ ಪ್ರಿಯರು ನೋಡಲೇಬೇಕಾದ ಜಾಗ." ಬರೆದವನು ನಾನೇ. ಆದರೂ ಯಾವ ಊರಂತ ಹೇಳಲು ಆಗಲಿಲ್ಲ. ಐದಕ್ಕೆ ಐದೂ ಹಾಗೇ ಇದ್ದವು. ಒಂದರ ಕೆಳಗಿನದನ್ನು ಇನ್ನೊಂದರ ಕೆಳಗೆ ಇಟ್ಟರೂ ಏನೂ ತಪ್ಪಾಗುತ್ತಿರಲಿಲ್ಲ.

ನಿಮ್ಮ ಹತ್ತು ಅಂಶಗಳಿಗೂ ಮೊದಲು ಇದನ್ನೇ ಮಾಡಿ. ಹೆಸರು ಮುಚ್ಚಿ ಓದಿ. ಯಾವ ಜಾಗ ಅಂತ ಗೊತ್ತಾಗದಿದ್ದರೆ ಆ ಅಂಶದಲ್ಲಿ ತಿರುಳಿಲ್ಲ. ಅಲ್ಲಿ ಮಾತಿನ ಬಣ್ಣ ಹೆಚ್ಚಿಸಿ ಪ್ರಯೋಜನವಿಲ್ಲ, ವಿಷಯವೇ ಬೇರೆ ಬೇಕು.

ಆಮೇಲೆ ನಾನು ಒಂದು ನೋಟ್‌ಬುಕ್ಕಿನಲ್ಲಿ ಐದು ಹೆಸರು ಬರೆದು, ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿಕೊಂಡೆ: ಉಳಿದ ನಾಲ್ಕರಲ್ಲಿ ಇಲ್ಲದ್ದು ಇದರಲ್ಲಿ ಏನಿದೆ?

ಮಸ್ಕಿಯದ್ದು ಬೇಗ ಸಿಕ್ಕಿತು. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದರು. ಆದರೆ ಆಗ ಗೊತ್ತಿದ್ದ ಶಾಸನಗಳಲ್ಲಿ ರಾಜನ ಹೆಸರು ಇರಲಿಲ್ಲ. "ದೇವಾನಂಪಿಯ ಪಿಯದಸಿ", ಅಂದರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ, ಅಂತ ಬಿರುದು ಮಾತ್ರ ಇತ್ತು. ಅವನು ಅಶೋಕನೇ ಅಂತ ಸಿಂಹಳದ ಗ್ರಂಥಗಳ ಸಹಾಯದಿಂದ ಊಹಿಸಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿ ಕಡೆ ಚಿನ್ನ ಹುಡುಕುತ್ತಿದ್ದಾಗ ಒಂದು ಬಂಡೆಬರಹ ಕಣ್ಣಿಗೆ ಬಿತ್ತು. ಅದರಲ್ಲಿ "ದೇವಾನಂಪಿಯಸ ಅಸೋಕಸ" ಅಂತ ಇತ್ತು. ಬಿರುದಿನ ಜೊತೆ ಹೆಸರು ಮೊದಲ ಸಲ ಸಿಕ್ಕಿದ್ದು ಅಲ್ಲಿ. ಈಗ ಮಸ್ಕಿ ಅನ್ನುವ ಹೆಸರಿನ ಮೇಲೆ ಅಂಗೈ ಇಟ್ಟು ಈ ಸಾಲುಗಳನ್ನು ನೋಡಿ. ಇವು ಮಸ್ಕಿ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ, ಅಲ್ವಾ?

ಗವಿಮಠದಲ್ಲಿ ಅಶೋಕ ಅನ್ನುವ ಹೆಸರಿಲ್ಲ. ಅದಕ್ಕೇ ಮೊದಲು ನನಗೆ ಅದು ಸಪ್ಪೆ ಅನ್ನಿಸಿತ್ತು. ಪಕ್ಕದಲ್ಲಿಟ್ಟು ನೋಡಿದಾಗ ಬೇರೆ ಸಂಗತಿ ಹೊಳೆಯಿತು. ಮಸ್ಕಿಯ ಬಂಡೆಯಲ್ಲಿ ಹೆಸರು ಉಳಿದಿದೆ, ಆದರೆ ಅಕ್ಷರಗಳು ಅಲ್ಲಲ್ಲಿ ಹೋಗಿವೆ. ಗವಿಮಠದಲ್ಲಿ ಅದೇ ಶಾಸನ ಚೆನ್ನಾಗಿ ಉಳಿದಿದೆ. ರಾಜ ಹೇಳಿದ ಮಾತು ಅಲ್ಲಿ ಪೂರ್ತಿ ಸಿಗುತ್ತದೆ. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲು ನಾನು ಅಷ್ಟು ಶ್ರಮಪಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಬಂದ ಮೇಲೆ ಶ್ರಮಪಟ್ಟೆ, ಸಣ್ಣವನಾದರೂ ಶ್ರಮಪಟ್ಟರೆ ಸ್ವರ್ಗವೂ ಸಾಧ್ಯ ಅಂತ ಆ ಮಾತಿನ ಸಾರ. ಒಬ್ಬ ಚಕ್ರವರ್ತಿ ತಾನು ಮೊದಲು ಸಾಲದೆ ಹೋದೆ ಅಂತ ಕಲ್ಲಿನ ಮೇಲೆ ಬರೆಸಿದ್ದಾನೆ. ಆ ಕಲ್ಲು ನಮ್ಮೂರ ಗುಡ್ಡದಲ್ಲಿದೆ. ನಾನು ಹುಟ್ಟಿದಾಗಿನಿಂದ ಆ ಗುಡ್ಡ ನೋಡುತ್ತಿದ್ದೇನೆ, ಇದು ಗೊತ್ತಿರಲಿಲ್ಲ.

ಪಾಲ್ಕಿಗುಂಡು ಮಾತ್ರ ಕೈಕೊಟ್ಟಿತು. ಎರಡು ಬಂಡೆಗಳ ಮೇಲೆ ಒಂದು ದೊಡ್ಡ ಹಾಸುಗಲ್ಲು ಪಲ್ಲಕ್ಕಿಯ ಹಾಗೆ ಕೂತಿದೆ, ನೋಡಲು ಬಹಳ ಚೆಂದ. ಆದರೆ ಬರಹ ಸವೆದು ಹೋಗಿದೆ. ಗವಿಮಠದಲ್ಲಿರುವ ಶಾಸನವೇ ಇಲ್ಲೂ ಇದ್ದದ್ದು. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ. ಅಂದರೆ ಶಾಸನದ ಲೆಕ್ಕದಲ್ಲಿ ಇದರದ್ದೇ ಆದ ಮಾತಿಲ್ಲ. ಇಂಥ ಅಂಶವನ್ನು ಉಬ್ಬಿಸಬೇಡಿ. ನಾನು ಅದನ್ನು ಗವಿಮಠದ ಕೊನೆಗೆ ಎರಡು ಸಾಲಾಗಿ ಸೇರಿಸಿದೆ. ನಿಟ್ಟೂರು, ಉದೇಗೋಳ ಎರಡೂ ಸಿರುಗುಪ್ಪ ಕಡೆಯವು, 1970ರ ದಶಕದ ಕೊನೆಗೆ ಗೊತ್ತಾದವು. ಎರಡರಲ್ಲೂ "ರಾಜ ಅಶೋಕ" ಅಂತ ಇದೆ. ಎರಡರಲ್ಲೂ ತಂದೆತಾಯಿಗಳ ಮಾತು ಕೇಳಿರಿ ಅನ್ನುವ ಇನ್ನೊಂದು ಶಾಸನವೂ ಇದೆ. ಅವನ್ನೂ ಒಂದೇ ಅಂಶ ಮಾಡಿದೆ. ಐದು ಇದ್ದದ್ದು ಮೂರಾಯಿತು.

ತಲೆಬರಹದ ಅಂಕಿ ಹೀಗೆ ಕೊನೆಗೆ ಬರಬೇಕು. ನೀವು "10" ಅಂತ ಮೊದಲೇ ಬರೆದಿದ್ದೀರಿ. ಆಗ ಎಂಟನೆಯದರಿಂದ ಹತ್ತನೆಯದರವರೆಗೆ ಸುಮ್ನೆ ತುಂಬಿಸಿರುವ ಸಾಧ್ಯತೆ ಜಾಸ್ತಿ. ನನಗೂ ಹಿರೇಬೆಣಕಲ್ ಸೇರಿಸಿ ಆರು ಮಾಡುವ ಆಸೆ ಆಗಿತ್ತು. ಅಲ್ಲಿರುವುದು ಶಿಲಾಸಮಾಧಿಗಳು, ಅಪರೂಪದ ಜಾಗ. ಆದರೆ ಅದು ಶಾಸನ ಅಲ್ಲ, ಹಾಗಾಗಿ ಬಿಟ್ಟೆ.

ಕ್ರಮದ ವಿಷಯ ಇನ್ನೂ ಸೂಕ್ಷ್ಮ. ನನ್ನ ಮೊದಲ ಪಟ್ಟಿ ಜಿಲ್ಲೆಗಳ ಅಕಾರಾದಿಯಲ್ಲಿತ್ತು: ಕೊಪ್ಪಳ, ಬಳ್ಳಾರಿ, ರಾಯಚೂರು. ಇದಕ್ಕೆ ಕಾರಣವೇ ಇಲ್ಲ. ಬಳ್ಳಾರಿಯ ನಿಟ್ಟೂರು ಮಸ್ಕಿಗಿಂತ ಮೊದಲು ಬಂದು "ಇಲ್ಲಿ ಅಶೋಕ ಅಂತ ಹೆಸರಿದೆ" ಅಂದರೆ ಓದುಗ "ಇರಲಿ ಬಿಡಿ" ಅಂತಾನೆ. ಹೆಸರೇ ಸಿಕ್ಕಿರಲಿಲ್ಲ ಅಂತ ಅವನಿಗೆ ಇನ್ನೂ ಗೊತ್ತಿಲ್ಲವಲ್ಲ. ಶಾಸನ ಸಿಕ್ಕಿದ ವರ್ಷದ ಪ್ರಕಾರ ಇಟ್ಟೆ, ತಾನಾಗಿ ಕೂಡಿಕೊಂಡಿತು. ಮಸ್ಕಿಯಲ್ಲಿ ಹೆಸರು ಸಿಗುತ್ತದೆ, ಮಾತು ಮುಕ್ಕಾಗಿದೆ. ಗವಿಮಠದಲ್ಲಿ ಮಾತು ಪೂರ್ತಿ ಇದೆ. ನಿಟ್ಟೂರು, ಉದೇಗೋಳದಲ್ಲಿ ಹೆಸರಿನ ಜೊತೆ ರಾಜ ಅನ್ನುವ ಪದ, ಮೇಲೆ ಹೊಸ ಮಾತು. ಕ್ರಮ ಸರಿಯಿದೆಯೋ ಇಲ್ಲವೋ ಅಂತ ತಿಳಿಯಲು ಯಾವುದಾದರೂ ಎರಡು ಅಂಶ ಅದಲುಬದಲು ಮಾಡಿ ಓದಿ. ಏನೂ ಕೆಡದಿದ್ದರೆ ನಿಮ್ಮ ಪಟ್ಟಿಗೆ ಕ್ರಮವೇ ಇಲ್ಲ. ಎಲ್ಲ ಅಂಶಕ್ಕೂ ಬೇಕಾದ ಹಿನ್ನೆಲೆ, ನನ್ನದರಲ್ಲಿ 1837ರ ಸಂಗತಿ, ಪಟ್ಟಿಗಿಂತ ಮೊದಲಿನ ಪೀಠಿಕೆಗೆ ಹೋಗಬೇಕು.

ಈ ಕ್ರಮ ಓದುವವರಿಗೆ ಮಾತ್ರ ಹೊಂದುತ್ತದೆ. ಗಾಡಿ ತಗೊಂಡು ನೋಡಲು ಹೊರಟವರಿಗೆ ದಾರಿಯ ಕ್ರಮ ಬೇಕು. ನಿಮ್ಮದು "ನೋಡಲೇಬೇಕಾದ" ಪಟ್ಟಿ, ಹಾಗಾಗಿ ನಿಮಗೆ ಅದೇ ಸರಿ. ಕುಕನೂರಿನ ನವಲಿಂಗ ಗುಡಿ ಮತ್ತು ಇಟಗಿಯ ಮಹಾದೇವ ದೇವಾಲಯ ಜೊತೆಗಿರಲಿ. ಆನೆಗೊಂದಿ, ಅಂಜನಾದ್ರಿ ಗಂಗಾವತಿ ಕಡೆಗೆ ಒಂದು ಗುಂಪಾಗಲಿ. ಇಟಗಿಯ ಬಗ್ಗೆ "ಸುಂದರ ಕೆತ್ತನೆ" ಅಂತ ಬರೆದಿದ್ದರೆ ತೆಗೆದುಬಿಡಿ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ಅದನ್ನು "ದೇವಾಲಯ ಚಕ್ರವರ್ತಿ" ಅಂದಿದೆ ಅಂತ ಬರೆಯಿರಿ. ತಲೆಬರಹದ ಮೇಲೆ ಅಂಗೈ ಇಟ್ಟು ಅದನ್ನು ಮನೆಯಲ್ಲಿ ಯಾರಿಗಾದರೂ ತೋರಿಸಿ, ಇಟಗಿ ಅಂತ ಹೇಳ್ತಾರಾ ನೋಡಿ.